ಮಲಗುವ ಕೋಣೆಯ ಗಾಳಿಯೂ ಸೊಳ್ಳೆಯ ಕಾಟವೂ

ಮುಂಗಾರಿನ ಮಳೆ ಬಿದ್ದು ಹಿತ್ತಲಿನಲ್ಲಿ, ಓಣಿಯ ಚರಂಡಿಯಲ್ಲಿ ನೀರು ನಿಂತಿತೆಂದರೆ ಸದ್ಭಕ್ತರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು: ರಾತ್ರಿ ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದು ಒಳ್ಳೆಯದೋ, ವಿದ್ಯುತ್ತಿನಿಂದ ಕೆಲಸ ಮಾಡುವ ದ್ರವದ ಯಂತ್ರ ಒಳ್ಳೆಯದೋ, ಮೈಗೆ ಮುಲಾಮು ಬಳಿದುಕೊಳ್ಳುವುದು ಸಾಕೋ, ಅಥವಾ ಹಿರಿಯರಂತೆ ಪರದೆಯನ್ನೇ ಕಟ್ಟಬೇಕೋ? ಈ ನಾಲ್ಕರಲ್ಲಿ ಯಾವುದು ಸೊಳ್ಳೆಯನ್ನು ಹೆಚ್ಚು ತಡೆಯುತ್ತದೆ ಎಂಬುದನ್ನಷ್ಟೇ ಕೇಳಿದರೆ ಉತ್ತರ ಅರ್ಧವಾಗುತ್ತದೆ. ಏಳೆಂಟು ಗಂಟೆಗಳ ಕಾಲ ಬಾಗಿಲು ಹಾಕಿಕೊಂಡು ನಾವು ಉಸಿರಾಡುವ ಗಾಳಿಗೆ ಅದು ಏನನ್ನು ಸೇರಿಸುತ್ತದೆ ಎಂಬುದನ್ನೂ ಕೇಳಬೇಕು. ಬತ್ತಿ ಮತ್ತು ಯಂತ್ರಗಳು ಕೋಣೆಯ ಗಾಳಿಯನ್ನೇ ಔಷಧವಾಗಿ ಮಾಡುತ್ತವೆ. ಆ ಗಾಳಿಯನ್ನು ಸೊಳ್ಳೆಯೂ ಮನುಷ್ಯನೂ ಹಂಚಿಕೊಳ್ಳುತ್ತಾರೆ. ಪರದೆಯೊಂದೇ ಗಾಳಿಯನ್ನು ಮುಟ್ಟದೆ ಇಬ್ಬರ ನಡುವೆ ಗೋಡೆಯಾಗುತ್ತದೆ. ಮುಂದಿನ ಮಾತೆಲ್ಲ ಈ ಒಂದು ಭೇದದ ಸುತ್ತ ಇದೆ.

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೋಣೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಒಂದೇ ಕಿಟಕಿ. ಮಂಚದ ಮೇಲೆ ಗಂಡ, ಹೆಂಡತಿ, ಎಂಟು ತಿಂಗಳ ಕೂಸು. ಕೆಳಗೆ ಚಾಪೆಯ ಮೇಲೆ ಉಬ್ಬಸದ ತೊಂದರೆಯಿರುವ ಅಜ್ಜಿ. ನಮ್ಮ ಊರುಗಳಲ್ಲಿ ಇಂತಹ ಮನೆಗಳು ಎಷ್ಟೋ ಇವೆ.

ಈ ಮನೆಯವರು ಮೊದಲು ಬತ್ತಿಯನ್ನು ಹಚ್ಚುತ್ತಾರೆ ಎಂದುಕೊಳ್ಳೋಣ. ಬತ್ತಿಯೊಂದರ ತೂಕ ಸುಮಾರು 12 ಗ್ರಾಂ, ಅದು ಉರಿಯುವ ಅವಧಿ ಏಳೆಂಟು ಗಂಟೆ. ಅದರಲ್ಲಿ ಸೊಳ್ಳೆಗೆ ನಾಟುವ ಔಷಧ ಎಷ್ಟಿರುತ್ತದೆ ಎಂಬುದನ್ನು ಪೊಟ್ಟಣದ ಮೇಲೆ ಓದಿ ನೋಡಿದರೆ ಆಶ್ಚರ್ಯವಾಗುತ್ತದೆ. ಅಲೆಥ್ರಿನ್ ಎಂಬ ಔಷಧ ನೂರಕ್ಕೆ 0.1 ಭಾಗ ಇರುವ ಬತ್ತಿಯಾದರೆ 12 ಗ್ರಾಂ ಬತ್ತಿಯಲ್ಲಿ ಔಷಧ ಕೇವಲ 12 ಮಿಲಿಗ್ರಾಂ. ಉಳಿದದ್ದೆಲ್ಲ ಮರದ ಹೊಟ್ಟು, ತೆಂಗಿನ ಚಿಪ್ಪಿನ ಪುಡಿ, ಅಂಟು, ಬಣ್ಣ. ಅಂದರೆ 12 ಮಿಲಿಗ್ರಾಂ ಔಷಧವನ್ನು ಗಾಳಿಗೆ ಏರಿಸಲು ಅದರ ಸಾವಿರ ಪಟ್ಟು ಹೊಟ್ಟನ್ನು ಮಂಚದ ಪಕ್ಕದಲ್ಲಿ ರಾತ್ರಿಯಿಡೀ ನಿಧಾನವಾಗಿ ಸುಡುತ್ತೇವೆ. ಜ್ವಾಲೆಯಿಲ್ಲದೆ ಕಮರುವ ಬೆಂಕಿಯಲ್ಲಿ ಯಾವುದೂ ಪೂರ್ತಿ ಉರಿಯುವುದಿಲ್ಲ. ಹಸಿ ಕಟ್ಟಿಗೆಯ ಒಲೆಯಂತೆ ಅದು ಹೊಗೆಯನ್ನೇ ಹೆಚ್ಚು ಕೊಡುತ್ತದೆ.

ಆ ಹೊಗೆಯನ್ನು ಅಳೆದು ನೋಡಿದವರಿದ್ದಾರೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ, ಒಂದು ಬತ್ತಿ ಪೂರ್ತಿ ಉರಿದಾಗ ಬರುವ ಅತಿ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳ ಹೊಗೆಯ ಕಣಗಳಿಗೆ ಸಮ ಎಂದು ಕಂಡುಕೊಂಡಿತು. ಈ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬತ್ತಿ ಹಚ್ಚಿದವನು ನೂರು ಸಿಗರೇಟು ಸೇದಿದಂತಾಯಿತು ಎಂದು ಇದರ ಅರ್ಥವಲ್ಲ. ಸೇದುವವನು ಹೊಗೆಯನ್ನು ನೇರವಾಗಿ ಎದೆಗೆ ಎಳೆದುಕೊಳ್ಳುತ್ತಾನೆ, ಬತ್ತಿಯ ಹೊಗೆ ಕೋಣೆಯಲ್ಲಿ ಹರಡಿ ಕಿಟಕಿಯಿಂದ ಸ್ವಲ್ಪ ಹೊರಗೂ ಹೋಗುತ್ತದೆ. ಆದರೆ ಕೋಣೆಯ ಗಾಳಿಗೆ ಬಿದ್ದ ಕಣಗಳ ಮೊತ್ತ ಅಷ್ಟು. ಈ ಕಣಗಳು ಮೂಗಿನ ಕೂದಲಿಗೂ ಗಂಟಲಿನ ತೇವಕ್ಕೂ ಸಿಗದಷ್ಟು ಸಣ್ಣವು, ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಇಳಿಯುತ್ತವೆ. ಅಜ್ಜಿಗೆ ನಸುಕಿನಲ್ಲಿ ಉಬ್ಬಸ ಹೆಚ್ಚುವುದಕ್ಕೆ, ಕೂಸಿನ ಮೂಗು ಸದಾ ಕಟ್ಟಿಕೊಂಡಿರುವುದಕ್ಕೆ ಚಳಿಗಾಳಿಯನ್ನು ದೂರುವ ಮೊದಲು ಮಂಚದ ಕೆಳಗಿನ ಬೂದಿಯ ತಟ್ಟೆಯನ್ನು ನೋಡುವುದು ಲೇಸು. ಒಂದು ವಾರ ಬತ್ತಿಯನ್ನು ನಿಲ್ಲಿಸಿ ನೋಡಿದಾಗ ಕೆಮ್ಮು ಇಳಿದು, ಮತ್ತೆ ಹಚ್ಚಿದಾಗ ಏರಿದರೆ ಕಾರಣ ಹೆಚ್ಚುಕಡಿಮೆ ಅದೇ.

ಕಿಟಕಿ ತೆರೆದಿಟ್ಟು ಹಚ್ಚಿದರಾಯಿತಲ್ಲ ಎನ್ನುವವರುಂಟು. ಬತ್ತಿಯ ಕಷ್ಟ ಇರುವುದೇ ಇಲ್ಲಿ. ಕಿಟಕಿ ತೆರೆದರೆ ಹೊಗೆಯೊಡನೆ ಔಷಧವೂ ಹೊರಗೆ ಹೋಗುತ್ತದೆ, ಹೊಸ ಸೊಳ್ಳೆ ಒಳಗೆ ಬರುತ್ತದೆ. ಕಿಟಕಿ ಮುಚ್ಚಿದರೆ ಔಷಧ ಉಳಿಯುತ್ತದೆ, ಹೊಗೆಯೂ ಉಳಿಯುತ್ತದೆ. ಸೊಳ್ಳೆಗೆ ಹಿತವಲ್ಲದ, ನಮಗೆ ಹಿತವಾದ ಗಾಳಿಯನ್ನು ಬತ್ತಿಯಿಂದ ಪಡೆಯಲಾಗದು. ಇತ್ತೀಚೆಗೆ ಹೊಗೆರಹಿತ ಎಂದು ಬರೆದ ಬತ್ತಿಗಳು ಬಂದಿವೆ. ಇದ್ದಿಲಿನ ಪುಡಿಯಿಂದ ಮಾಡಿದ ಇವುಗಳಲ್ಲಿ ಕಣ್ಣಿಗೆ ಕಾಣುವ ಹೊಗೆ ಕಡಿಮೆ ನಿಜ. ಆದರೆ ಇದ್ದಿಲು ಕಮರುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೇವಿನ ಸೊಪ್ಪಿನ ಹೊಗೆ, ಲೋಬಾನದ ಹೊಗೆಗೂ ಇದೇ ನ್ಯಾಯ. ಸಂಜೆ ಅಂಗಳದಲ್ಲಿ, ಹಟ್ಟಿಯಲ್ಲಿ ಹಾಕುವುದು ಬೇರೆ, ಮಲಗುವ ಕೋಣೆಯಲ್ಲಿ ತುಂಬಿಸುವುದು ಬೇರೆ. ಹೊಗೆ ಗಿಡದಿಂದ ಬಂದಿತೆಂದು ಶ್ವಾಸಕೋಶ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ.

ಬತ್ತಿಗಿಂತಲೂ ಹೆಚ್ಚು ಎಚ್ಚರಿಕೆ ಬೇಕಾದದ್ದು ಸೊಳ್ಳೆ ಓಡಿಸುವ ಊದುಬತ್ತಿಗಳ ವಿಷಯದಲ್ಲಿ. ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯಿದೆಯಂತೆ ಮನೆಯಲ್ಲಿ ಬಳಸುವ ಕೀಟನಾಶಕವೂ ಕೇಂದ್ರದ ನೋಂದಣಿ ಸಮಿತಿಯಲ್ಲಿ ನೋಂದಣಿಯಾಗಿರಬೇಕು. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ಔಷಧದ ಹೆಸರು ಮತ್ತು ಪ್ರಮಾಣ ಮುದ್ರಿತವಾಗಿರಬೇಕು. ಸಂತೆಯಲ್ಲಿ ಬಿಡಿಯಾಗಿ ಸಿಗುವ ಎಷ್ಟೋ ಕಡ್ಡಿಗಳ ಮೇಲೆ ಇದಾವುದೂ ಇರುವುದಿಲ್ಲ. ಹಚ್ಚಿದ ಎರಡು ನಿಮಿಷದಲ್ಲಿ ಸೊಳ್ಳೆ ಸತ್ತು ಬೀಳುತ್ತದೆ ಎಂಬುದೇ ಅವುಗಳ ಹೆಗ್ಗಳಿಕೆ. ಅಷ್ಟು ಬೇಗ ಕೊಲ್ಲುವುದು ಯಾವುದು, ಎಷ್ಟಿದೆ ಎಂದು ತಿಳಿಯದೆ ಕೂಸಿನ ತಲೆಯ ಬಳಿ ಹಚ್ಚುವಂತಿಲ್ಲ.

ಈಗ ಅದೇ ಕೋಣೆಯಲ್ಲಿ ಬತ್ತಿಯ ಬದಲು ದ್ರವದ ಯಂತ್ರ ಇಡೋಣ. 45 ಮಿಲಿಲೀಟರಿನ ಬಾಟಲಿ, ಅದರಲ್ಲಿ ಟ್ರಾನ್ಸ್‌ಫ್ಲುಥ್ರಿನ್ ನೂರಕ್ಕೆ 1.6 ಭಾಗ. ಒಂದು ಬಾಟಲಿ ಒಂದೂವರೆ ತಿಂಗಳು ಬಂದರೆ ರಾತ್ರಿಗೆ ಒಂದು ಮಿಲಿಲೀಟರ್ ಖರ್ಚು. ಅದರಲ್ಲಿ ಔಷಧ ಸುಮಾರು 13 ಮಿಲಿಗ್ರಾಂ. ಬತ್ತಿಯ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಎರಡೂ ಔಷಧಗಳು ಒಂದೇ ಕುಲದವು, ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕ ಗುಣವನ್ನು ಅನುಸರಿಸಿ ರಸಾಯನ ಶಾಲೆಯಲ್ಲಿ ಮಾಡಿದವು. ಭೇದವಿರುವುದು ಔಷಧವನ್ನು ಹೊತ್ತು ತರುವ ವಾಹನದಲ್ಲಿ. ಬತ್ತಿಯಲ್ಲಿ ಅದು ಹೊಗೆ, ಯಂತ್ರದಲ್ಲಿ ಬಿಸಿಯಾದ ಬತ್ತಿದಂಡದಿಂದ ಏಳುವ ಆವಿ. ಸುಡುವುದು ಏನೂ ಇಲ್ಲವಾದ್ದರಿಂದ ಬೂದಿ, ಮಸಿ, ಹೊಗೆಗಳಿಲ್ಲ. ಹೀಗಾಗಿ ಬತ್ತಿ ಮತ್ತು ಯಂತ್ರ ಇವೆರಡರ ನಡುವೆಯೇ ಆರಿಸಬೇಕಾದರೆ ಯಂತ್ರವನ್ನೇ ಆರಿಸಿರಿ ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಆದರೆ ಹೊಗೆಯಿಲ್ಲವೆಂದ ಮಾತ್ರಕ್ಕೆ ಗಾಳಿ ಶುದ್ಧವಾಯಿತೆಂದಲ್ಲ. ಆ 13 ಮಿಲಿಗ್ರಾಂ ಅದೇ ಕೋಣೆಯಲ್ಲಿಯೇ ಇದೆ. ಸೀಮೆಎಣ್ಣೆಯಂತಹ ದ್ರಾವಕದ ಆವಿಯೂ ಅದರೊಡನೆ ಇದೆ. ಮನುಷ್ಯನ ದೇಹ ಈ ಕುಲದ ಔಷಧಗಳನ್ನು ಬೇಗ ಒಡೆದು ಹೊರಹಾಕುತ್ತದೆ, ಸೊಳ್ಳೆಯ ದೇಹಕ್ಕೆ ಅದು ಸಾಧ್ಯವಿಲ್ಲ. ಅದರಿಂದಲೇ ನಾವು ಉಳಿದು ಸೊಳ್ಳೆ ಸಾಯುತ್ತದೆ. ಆದರೂ ಕಣ್ಣುರಿ, ಸೀನು, ಗಂಟಲ ಕೆರೆತ, ಮುಖದ ಮೇಲೆ ಜುಮುಜುಮು ಎನ್ನುವಿಕೆ ಕೆಲವರಿಗೆ ಆಗುತ್ತದೆ. ಅಜ್ಜಿಯಂತಹ ಉಬ್ಬಸದ ರೋಗಿಗಳಿಗೆ ಹೊಗೆಯಿಲ್ಲದ ಆವಿಯೂ ಕೆಲವೊಮ್ಮೆ ಒಗ್ಗುವುದಿಲ್ಲ. ಆದ್ದರಿಂದ ಯಂತ್ರವನ್ನು ಬಳಸುವ ರೀತಿಯನ್ನು ಸ್ವಲ್ಪ ಬದಲಿಸಬೇಕು. ಮಲಗುವುದಕ್ಕೆ ಅರ್ಧ ಅಥವಾ ಒಂದು ಗಂಟೆ ಮೊದಲು, ಕೋಣೆಯಲ್ಲಿ ಯಾರೂ ಇಲ್ಲದಾಗ, ಬಾಗಿಲು ಕಿಟಕಿ ಮುಚ್ಚಿ ಯಂತ್ರವನ್ನು ಹಚ್ಚಬೇಕು. ಮಲಗುವ ಹೊತ್ತಿಗೆ ಅದನ್ನು ಆರಿಸಿ, ಜಾಲರಿಯಿರುವ ಕಿಟಕಿಯನ್ನು ತೆರೆಯಬೇಕು. ಕೋಣೆಯಲ್ಲಿ ಅಡಗಿದ್ದ ಸೊಳ್ಳೆಗಳ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ರಾತ್ರಿಯಿಡೀ ಹಚ್ಚಲೇಬೇಕಾದರೆ ತಲೆದಿಂಬಿನ ಬಳಿಯ ಪ್ಲಗ್ಗಿನಲ್ಲಿ ಬೇಡ, ಕೋಣೆಯ ಆಚೆಯ ಮೂಲೆಯಲ್ಲಿರಲಿ. ಮೀನಿನ ತೊಟ್ಟಿಯಿರುವ ಕೋಣೆಯಲ್ಲಿ ಇದು ಕೂಡದು, ಈ ಔಷಧ ಮೀನಿಗೆ ಘೋರ ವಿಷ. ರೇಷ್ಮೆ ಸಾಕುವ ಮನೆಗಳವರು ಹುಳುವಿನ ಮನೆಯ ಹತ್ತಿರಕ್ಕೂ ಬತ್ತಿ, ಯಂತ್ರ ಎರಡನ್ನೂ ಒಯ್ಯಬಾರದು. ಈ ಎಚ್ಚರಿಕೆಯನ್ನು ಅವರಿಗೆ ನಾವು ಹೇಳಬೇಕಾಗಿಲ್ಲ, ಅವರೇ ಇತರರಿಗೆ ಹೇಳುವಷ್ಟು ಬಲ್ಲರು.

ಯಂತ್ರದಿಂದ ಆಗುವ ನಿಜವಾದ ಅಪಾಯ ಆವಿಯಲ್ಲಲ್ಲ, ಬಾಟಲಿಯಲ್ಲಿದೆ. ತೆವಳುವ ಕೂಸಿನ ಕೈಗೆಟಕುವ ಎತ್ತರದಲ್ಲಿಯೇ ಪ್ಲಗ್ಗುಗಳಿರುವುದು ನಮ್ಮ ಮನೆಗಳ ರೂಢಿ. ಬಾಟಲಿಯ ದ್ರವವನ್ನು ಮಗು ಕುಡಿದರೆ ಎರಡು ಬಗೆಯ ಕೇಡು. ಔಷಧದಿಂದ ಫಿಟ್ಸ್ ಬರಬಹುದು, ದ್ರಾವಕ ಉಸಿರುನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೀಗಾದಾಗ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದನ್ನು ಎಂದಿಗೂ ಮಾಡಕೂಡದು. ಹೊಟ್ಟೆಯಲ್ಲಿದ್ದ ಎಣ್ಣೆಯಂತಹ ದ್ರವ ವಾಂತಿಯ ಹೊತ್ತಿನಲ್ಲಿಯೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯನ್ನು ಒರೆಸಿ, ಬಾಟಲಿಯನ್ನು ಜೊತೆಗೆ ತೆಗೆದುಕೊಂಡು, ಮಗು ಚೆನ್ನಾಗಿರುವಂತೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು. ಖಾಲಿ ಬಾಟಲಿಗೆ ಸೀಮೆಎಣ್ಣೆ ಅಥವಾ ಬೇವಿನೆಣ್ಣೆ ಹಾಕಿ, ಕರ್ಪೂರ ಕರಗಿಸಿ ಮತ್ತೆ ಯಂತ್ರಕ್ಕೆ ಸಿಕ್ಕಿಸುವ ಉಪಾಯ ಮನೆಯಿಂದ ಮನೆಗೆ ಹರಡಿದೆ. ಉಳಿತಾಯವೆಂದು ಕಂಡರೂ ಇದು ಬೆಂಕಿಯನ್ನು ಪ್ಲಗ್ಗಿಗೆ ಸಿಕ್ಕಿಸಿದಂತೆ. ಕರ್ಪೂರವನ್ನು ಸಣ್ಣ ಮಗು ಸ್ವಲ್ಪ ನುಂಗಿದರೂ ಫಿಟ್ಸ್ ಬರುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು.

ಇನ್ನು ಮುಲಾಮಿನ ಸರದಿ. ಮುಲಾಮು ಸೊಳ್ಳೆಯನ್ನು ಕೊಲ್ಲುವುದಿಲ್ಲ. ಚರ್ಮದ ವಾಸನೆಯನ್ನು ಮರೆಮಾಡಿ, ಬಂದ ಸೊಳ್ಳೆಯನ್ನು ಕೂರಗೊಡದೆ ಕಳಿಸುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವವುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 12 ಭಾಗದಷ್ಟು ಔಷಧವಿರುತ್ತದೆ. ಇದು ಒಳ್ಳೆಯ ವಸ್ತುವೇ, ಆದರೆ ಮಲಗುವ ಕೋಣೆಯ ವಸ್ತುವಲ್ಲ. ರಾತ್ರಿ ಒಂಬತ್ತೂವರೆಗೆ ಬಳಿದುಕೊಂಡ ಮುಲಾಮು ಬೆವರಿಗೆ, ಹೊದಿಕೆಯ ಉಜ್ಜುವಿಕೆಗೆ ಸವೆದು ಕೆಲವೇ ಗಂಟೆಗಳಲ್ಲಿ ಕ್ಷೀಣಿಸುತ್ತದೆ. ಚರಂಡಿಯ ಕೊಳೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಬಲವಾಗಿ ಕಚ್ಚುವುದು ನಡುರಾತ್ರಿಯ ಸುಮಾರಿಗೆ ಮತ್ತು ಅದರ ನಂತರ. ಕಾವಲುಗಾರ ಮಲಗಿದ ಮೇಲೆ ಕಳ್ಳ ಬಂದಂತೆ. ಬೀದರ್, ಕಲಬುರಗಿ, ಯಾದಗಿರಿಗಳಂತಹ ಕಡೆ ಆನೆಕಾಲು ರೋಗವನ್ನು ಹರಡುವುದು ಇದೇ ಸೊಳ್ಳೆ. ಅದರ ಕಚ್ಚುವ ಹೊತ್ತನ್ನು ಅರಿಯದ ಉಪಾಯ ಅಲ್ಲಿ ಸಾಲದು. ಮುಲಾಮು ಸಲ್ಲುವುದು ಸಂಜೆ ಕಟ್ಟೆಯ ಮೇಲೆ ಕುಳಿತಾಗ, ಅಂಗಳದಲ್ಲಿ ಪ್ರವಚನ ಕೇಳುವಾಗ, ಮಕ್ಕಳು ಸಂಜೆಯ ಆಟಕ್ಕೆ ಹೊರಟಾಗ. ಹಿರಿಯರು ತಮ್ಮ ಅಂಗೈಗೆ ಹಾಕಿಕೊಂಡು ಮಕ್ಕಳಿಗೆ ತೆಳುವಾಗಿ ಬಳಿಯಬೇಕು. ಕಣ್ಣು, ಬಾಯಿಯ ಸುತ್ತ, ಗಾಯದ ಮೇಲೆ ಬೇಡ. ಬೆರಳು ಚೀಪುವ ಮಕ್ಕಳ ಕೈಗಂತೂ ಬೇಡವೇ ಬೇಡ. ಮಲಗುವ ಮೊದಲು ಸಾಬೂನಿನಿಂದ ತೊಳೆದುಬಿಡಬೇಕು. ಹಸುಗೂಸಿನ ಮೈಗೆ ರಾತ್ರಿಯಿಡೀ ಮುಲಾಮು ಬಳಿದು ಮಲಗಿಸುವುದನ್ನು ನಾವು ಒಪ್ಪುವುದಿಲ್ಲ.

ಉಳಿದದ್ದು ಪರದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಪರದೆ ಕಟ್ಟಿದೆವು, ಆದರೂ ಸೊಳ್ಳೆ ಕಚ್ಚಿತು ಎಂದು ಕೈಬಿಟ್ಟವರು ಬಹಳ. ಅವರ ದೂರು ಸುಳ್ಳಲ್ಲ. ಆದರೆ ಕಾರಣ ಬಹುಮಟ್ಟಿಗೆ ಪರದೆಯ ಆಯ್ಕೆಯಲ್ಲಿ ಅಥವಾ ಕಟ್ಟುವ ರೀತಿಯಲ್ಲಿರುತ್ತದೆ.

ಮೊದಲನೆಯದು ಕಿಂಡಿಯ ಅಳತೆ. ಚದರ ಅಂಗುಲಕ್ಕೆ 156 ಕಿಂಡಿಗಳಿರುವ ಜಾಲ ಸೊಳ್ಳೆಗೆ ಸರಿಯಾದದ್ದು. ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಅಳತೆಪಟ್ಟಿಯ ಒಂದು ಅಂಗುಲವನ್ನು ಜಾಲದ ಮೇಲಿಟ್ಟು ಅಷ್ಟು ಉದ್ದದಲ್ಲಿ ಹನ್ನೆರಡು ಹದಿಮೂರು ಕಿಂಡಿಗಳಿವೆಯೇ ಎಂದು ಎಣಿಸಿದರೆ ಸಾಕು. ಎಂಟು ಹತ್ತು ಮಾತ್ರ ಇದ್ದರೆ ಸೊಳ್ಳೆ ನುಸುಳುತ್ತದೆ. ಇಪ್ಪತ್ತಕ್ಕೆ ಮೀರಿದರೆ ಗಾಳಿಯೇ ಆಡದೆ ಸೆಕೆಯಿಂದ ಎರಡನೆಯ ರಾತ್ರಿಗೇ ಪರದೆಯನ್ನು ಕಳಚಿ ಎಸೆಯುವಿರಿ.

ಎರಡನೆಯದು ಗಾತ್ರ. ಮಂಚದಷ್ಟೇ ಅಗಲದ ಪರದೆ ತಂದರೆ ನಿದ್ದೆಯಲ್ಲಿ ಮೊಣಕಾಲು, ಮೊಣಕೈ ಅದಕ್ಕೆ ಒತ್ತಿಕೊಳ್ಳುತ್ತದೆ. ಹೊರಗೆ ಕುಳಿತ ಸೊಳ್ಳೆ ಜಾಲದ ಮೂಲಕವೇ ರಕ್ತ ಹೀರುತ್ತದೆ. ಆದ್ದರಿಂದ ಪರದೆ ಮಂಚಕ್ಕಿಂತ ಎಲ್ಲ ಕಡೆ ಸಾಕಷ್ಟು ದೊಡ್ಡದಾಗಿದ್ದು, ಹಾಸಿಗೆಯ ಅಡಿಗೆ ಒಂದು ಗೇಣು ಮಡಚಿ ಸೇರಿಸುವಷ್ಟು ಉದ್ದವಿರಬೇಕು. ಅಜ್ಜಿಯಂತೆ ನೆಲದ ಮೇಲೆ ಮಲಗುವವರು ಪರದೆಯ ಅಂಚನ್ನು ಚಾಪೆಯ ಕೆಳಗೆ ಸುತ್ತಲೂ ತುರುಕಬೇಕು. ಬರಿದೆ ಇಳಿಬಿಟ್ಟರೆ ಮಗ್ಗುಲು ಬದಲಿಸಿದಾಗಲೆಲ್ಲ ಬಾಗಿಲು ತೆರೆದಂತೆಯೇ. ಕೂಸಿಗೆ ಕೊಡೆಯಂತೆ ಬಿಚ್ಚುವ ಚಿಕ್ಕ ಪರದೆ ಬಹಳ ಅನುಕೂಲ. ಅದು ಹಾಸಿಗೆಗೆ ಸಮನಾಗಿ ಕೂತಿದೆಯೇ ಎಂದು ಸುತ್ತ ಕೈಯಾಡಿಸಿ ನೋಡಬೇಕು.

ಮೂರನೆಯದು ಹೊತ್ತು. ಎಂಟು ಗಂಟೆಗೆ ಪರದೆ ಇಳಿಬಿಟ್ಟು, ಹತ್ತರವರೆಗೆ ಒಳಗೆ ಹೊರಗೆ ಓಡಾಡಿದರೆ ಸೊಳ್ಳೆಯನ್ನು ನಾವೇ ಒಳಗೆ ಕೂಡಿಹಾಕಿಕೊಂಡಂತೆ. ಎಲ್ಲರೂ ಒಳಗೆ ಸೇರಿ ಅಂಚು ಸಿಕ್ಕಿಸಿದ ಮೇಲೆ ಬ್ಯಾಟರಿಯ ಬೆಳಕಿನಲ್ಲಿ ನಾಲ್ಕು ಮೂಲೆಗಳನ್ನೂ ಮೇಲ್ಭಾಗವನ್ನೂ ಒಮ್ಮೆ ನೋಡಬೇಕು. ಎಲ್ಲವೂ ಸರಿಯಿದೆಯೋ ಇಲ್ಲವೋ ಎಂಬುದಕ್ಕೆ ಬೆಳಗಿನ ಸಾಕ್ಷಿಯೊಂದುಂಟು. ಎದ್ದಾಗ ಪರದೆಯ ಒಳಮೂಲೆಯಲ್ಲಿ ಹೊಟ್ಟೆ ಕೆಂಪಾದ, ಹಾರಲಾಗದ ಸೊಳ್ಳೆ ಕುಳಿತಿದ್ದರೆ ಅದು ರಾತ್ರಿಯೇ ಒಳಗಿತ್ತು ಎಂದರ್ಥ. ಒಂದಿದ್ದರೆ ಒಳಗೆ ಬರುವಾಗ ಜೊತೆಗೆ ಬಂದಿರಬಹುದು. ದಿನವೂ ಮೂರು ನಾಲ್ಕು ಇದ್ದರೆ ಎಲ್ಲಿಯೋ ಹರಿದಿದೆ. ಪರದೆಯನ್ನು ಬಿಸಿಲಿಗೆ ಎದುರಾಗಿ ಹಿಡಿದು ತೂತನ್ನು ಹುಡುಕಿ ಸೂಜಿದಾರದಿಂದ ಹೊಲಿಯಬೇಕು.

ಆರೋಗ್ಯ ಇಲಾಖೆಯವರು ಮಲೇರಿಯಾ ಹೆಚ್ಚಿರುವ ಹಳ್ಳಿಗಳಲ್ಲಿ ಕೊಡುವ ಪರದೆಗಳು ಇನ್ನೊಂದು ಬಗೆಯವು. ಅವುಗಳ ನೂಲಿಗೇ ಡೆಲ್ಟಾಮೆಥ್ರಿನ್‌ನಂತಹ ಔಷಧ ಸೇರಿರುತ್ತದೆ. ಜಾಲದ ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ, ಆದ್ದರಿಂದ ಸಣ್ಣ ತೂತಿದ್ದರೂ ಸ್ವಲ್ಪ ರಕ್ಷಣೆ ಉಳಿಯುತ್ತದೆ. ಔಷಧ ನೂಲಿನಲ್ಲಿರುತ್ತದೆಯೇ ಹೊರತು ಬತ್ತಿ ಯಂತ್ರಗಳಂತೆ ಗಾಳಿಯನ್ನು ತುಂಬುವುದಿಲ್ಲ. ಆಫ್ರಿಕಾದಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಂತಹ ಪರದೆಗಳಿಂದ ಮಲೇರಿಯಾ ಸುಮಾರು ಅರ್ಧಕ್ಕೆ ಇಳಿದದ್ದು, ಚಿಕ್ಕ ಮಕ್ಕಳ ಸಾವೂ ಸ್ಪಷ್ಟವಾಗಿ ತಗ್ಗಿದ್ದು ಕಂಡುಬಂದಿದೆ. ಹೊಸ ಪರದೆಯನ್ನು ಕವರಿನಿಂದ ತೆಗೆದು ಒಂದು ದಿನ ನೆರಳಿನಲ್ಲಿ ಹರವಿ ಆಮೇಲೆ ಕಟ್ಟಬೇಕು, ಇಲ್ಲವಾದರೆ ಮೊದಲ ರಾತ್ರಿ ಮುಖ ಉರಿಯುತ್ತದೆ. ಸುಮಾರು ಇಪ್ಪತ್ತು ಒಗೆತಗಳವರೆಗೆ, ಅಂದರೆ ಮೂರು ವರ್ಷದಷ್ಟು ಕಾಲ ಔಷಧ ಉಳಿಯುತ್ತದೆ. ಆದ್ದರಿಂದ ವಾರ ವಾರವೂ ಒಗೆಯಬಾರದು. ಒಗೆಯುವಾಗ ತಣ್ಣೀರು, ಸೌಮ್ಯವಾದ ಸಾಬೂನು ಸಾಕು. ನೆರಳಿನಲ್ಲಿ ಒಣಗಿಸಬೇಕು. ಒಗೆದ ನೀರನ್ನು ಕೆರೆಗೂ ಹಳ್ಳಕ್ಕೂ ಬಿಡದೆ ನೆಲದ ಗುಂಡಿಗೆ ಚೆಲ್ಲಬೇಕು.

ಪರದೆಯೊಳಗೆ ಗಾಳಿ ಸಾಲದೆಂಬ ದೂರು ಬೇಸಿಗೆಯಲ್ಲಿ ನಿಜ. ಮೇಲಿನ ಫ್ಯಾನಿಗಿಂತ ಪಕ್ಕದಲ್ಲಿ ನಿಲ್ಲಿಸುವ ಫ್ಯಾನು ಪರದೆಯೊಳಕ್ಕೆ ಗಾಳಿಯನ್ನು ಚೆನ್ನಾಗಿ ನೂಕುತ್ತದೆ. ಸೊಳ್ಳೆ ಬಲಹೀನವಾದ ಹಾರಾಟದ ಜೀವಿಯಾದ್ದರಿಂದ ಆ ಗಾಳಿಯ ಎದುರಿಗೆ ಅದು ನಿಲ್ಲಲಾರದು. ರಾತ್ರಿ ಕರೆಂಟು ಹೋಯಿತೆಂದರೆ ಯಂತ್ರವೂ ಫ್ಯಾನೂ ಒಟ್ಟಿಗೆ ಕೈಕೊಡುತ್ತವೆ, ಪರದೆ ಮಾತ್ರ ಹಾಗೆಯೇ ಇರುತ್ತದೆ.

ನಮ್ಮ ಉದಾಹರಣೆಯ ಮನೆಗೆ ಹೀಗೆ ಹೇಳುತ್ತೇವೆ: ಮಂಚಕ್ಕೊಂದು ದೊಡ್ಡ ಪರದೆ, ಅಜ್ಜಿಗೊಂದು ಒಬ್ಬರ ಪರದೆ, ಕಿಟಕಿಗೆ ಜಾಲರಿ. ಸೊಳ್ಳೆ ವಿಪರೀತವಾದ ತಿಂಗಳುಗಳಲ್ಲಿ ಊಟದ ಹೊತ್ತಿಗೆ ಖಾಲಿ ಕೋಣೆಯಲ್ಲಿ ಯಂತ್ರವನ್ನು ಒಂದು ಗಂಟೆ ಹಚ್ಚಿ ಆರಿಸುವುದು. ಬತ್ತಿ ಬೇಡ. ಮುಲಾಮು ಸಂಜೆಗೆ ಮಾತ್ರ. ಕೆಲವು ತಿಂಗಳ ಬಾಟಲಿಗಳ ಹಣದಲ್ಲಿ ಪರದೆಗಳ ಖರ್ಚು ಹುಟ್ಟುತ್ತದೆ. ಕೂಸಿನ ಚಿಕ್ಕ ಪರದೆ ಇವೆಲ್ಲಕ್ಕೂ ಮೊದಲು ಬರಬೇಕು. ಏಕೆಂದರೆ ಡೆಂಗ್ಯೂ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಮತ್ತು ಇಳಿಹೊತ್ತಿನ ವೇಳೆಯಲ್ಲಿ. ರಾತ್ರಿ ಹಚ್ಚಿದ ಬತ್ತಿಯೂ ಯಂತ್ರವೂ ಅದರ ತಂಟೆಗೇ ಹೋಗುವುದಿಲ್ಲ. ಬೆಳಗಿನ ಹಾಲು ಕುಡಿದು ಮಲಗುವ ಕೂಸಿನ ನಿದ್ದೆ, ಅಜ್ಜಿಯ ಮಧ್ಯಾಹ್ನದ ಒರಗು ಇವೆರಡೂ ಪರದೆಯೊಳಗೇ ಆಗಬೇಕು.

ಮನೆಯಲ್ಲಿ ಯಾರಿಗಾದರೂ ಡೆಂಗ್ಯೂ ಜ್ವರ ಬಂದರೆ ಮೊದಲ ಐದು ದಿನ ಅವರನ್ನು ಹಗಲೂ ರಾತ್ರಿಯೂ ಪರದೆಯೊಳಗೇ ಮಲಗಿಸಬೇಕು. ಆ ದಿನಗಳಲ್ಲಿ ಅವರ ರಕ್ತದಲ್ಲಿ ರೋಗಾಣು ತುಂಬಿರುತ್ತದೆ. ಅವರನ್ನು ಕಚ್ಚಿದ ಸೊಳ್ಳೆ ಸುಮಾರು ಹತ್ತು ದಿನಗಳ ನಂತರ ಅದೇ ಕೋಣೆಯಲ್ಲಿ ಮಲಗಿದ ಇನ್ನೊಬ್ಬರಿಗೆ ಅದನ್ನು ದಾಟಿಸುತ್ತದೆ. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಜ್ವರದಿಂದ ಮಲಗುವುದಕ್ಕೆ ಇದೂ ಒಂದು ಕಾರಣ.